ಬಲಗೈ ಗಡಿಯಾರದ ಡಾಕ್ಟರು

ಶನಿವಾರ ರಾತ್ರಿ ಯಾವ ಸಿನಿಮಾ ನೋಡಬೇಕೆಂಬುದನ್ನು ತುಮಕೂರಿನ ನಮ್ಮ ಮನೆಯಲ್ಲಿ ಮಗಳ ಮೊಬೈಲ್ ತೀರ್ಮಾನಿಸುತ್ತದೆ. ಯಾವ ಚಿತ್ರದ ತುಣುಕಿನಲ್ಲಿ ಶಿಳ್ಳೆ ಜೋರಾಗಿದೆಯೋ ಅದೇ ಗೆದ್ದ ಹಾಗೆ. ಆ ಶಿಳ್ಳೆ ಬಿಡುಗಡೆಯ ದಿನ ಮೊದಲ ಆಟಕ್ಕೆ ನುಗ್ಗಿದ ಅಭಿಮಾನಿಗಳದ್ದು. ನಾಯಕ ಚಪ್ಪಲಿ ಮೆಟ್ಟಿಕೊಂಡರೂ ಅವರು ಹೊಡೆಯುತ್ತಾರೆ. ರಿಯಾಕ್ಷನ್ ವಿಡಿಯೊಗಳ ಕಥೆಯೂ ಅಷ್ಟೇ. ಬಾಯಿ ತೆರೆದು, ಕಣ್ಣೀರು ಒರೆಸಿಕೊಳ್ಳುವ ಎಷ್ಟೋ ಮಂದಿ ನೋಡಿರುವುದು ಟ್ರೇಲರ್ ಮಾತ್ರ. ವಿಡಿಯೊ ಹಾಕಿದ ತಾರೀಖು ಚಿತ್ರದ ಬಿಡುಗಡೆಗಿಂತ ಹಿಂದಿನದಾಗಿದ್ದರೆ ಆ ಕಣ್ಣೀರಿಗೆ ಬೆಲೆ ಕಟ್ಟಬೇಕಾಗಿಲ್ಲ.

ಈ ಸಲ ಗೆದ್ದದ್ದು ಒಂದು ಕೊಲೆಯ ಚಿತ್ರ. ತುಣುಕು ಹಾಕಿದ ಪುಣ್ಯಾತ್ಮ ಗುಟ್ಟು ಬಯಲಾಗದಿರಲೆಂದು ಕೊಲೆಗಾರನ ಮುಖವನ್ನು ಮಸುಕು ಮಾಡಿದ್ದ. ಕೈ ಮಾತ್ರ ಸ್ವಚ್ಛವಾಗಿ ಕಾಣುತ್ತಿತ್ತು. ನಮ್ಮ ಮಾವನವರು ಭೂಮಾಪನ ಇಲಾಖೆಯಲ್ಲಿ ಸವೆದವರು. ಗೇಣು ಜಾಗವನ್ನೂ ಬಿಡುವುದಿಲ್ಲ. ಕನ್ನಡಕ ಏರಿಸಿ, “ಅಳಿಯಂದಿರೇ, ಗಡಿಯಾರ ಬಲಗೈಯಲ್ಲಿದೆ, ಗುರುತಿಟ್ಟುಕೊಳ್ಳಿ” ಎಂದರು.

ಚಿತ್ರ ಶುರುವಾಗಿ ಇನ್ನೂ ಹೆಣವೇ ಬಿದ್ದಿರಲಿಲ್ಲ, ಎಡಚ ಡಾಕ್ಟರೊಬ್ಬರು ಬಲಗೈಗೆ ಗಡಿಯಾರ ಕಟ್ಟಿಕೊಂಡು ಬಂದರು. “ಇವನೇ!” ಎಂದರು ಮಾವ. ಅಲ್ಲಿಂದ ಮುಂದೆ ಆ ಬಡಪಾಯಿ ರೋಗಿಯ ನಾಡಿ ಹಿಡಿದರೆ ನಮಗೆ ಕತ್ತು ಹಿಸುಕಿದಂತೆ ಕಂಡಿತು. ಮಾತ್ರೆ ಕೊಟ್ಟರೆ ವಿಷ. ನಿರ್ದೇಶಕರು ಬೆವರು ಸುರಿಸಿ ಹೆಣೆದ ಸಂಶಯಗಳನ್ನೆಲ್ಲ ನಾವು ಕಡಲೆಕಾಯಿ ಸಿಪ್ಪೆಯ ಜೊತೆ ಬದಿಗೆ ಸರಿಸಿದೆವು.

ಕೊನೆಗೆ ಸಿಕ್ಕಿಬಿದ್ದದ್ದು ತನಿಖೆ ನಡೆಸುತ್ತಿದ್ದ ಇನ್‌ಸ್ಪೆಕ್ಟರ್. ಗಡಿಯಾರ ಅವನ ಎಡಗೈಯಲ್ಲಿತ್ತು.

ಮಗಳು ತುಣುಕನ್ನು ಮತ್ತೆ ಹಾಕಿದಳು. ಹಿಂದೆ ನಿಂತಿದ್ದ ಬಸ್ಸಿನ ಬೋರ್ಡಿನ ಅಕ್ಷರಗಳು ತಿರುವುಮುರುವಾಗಿದ್ದವು. ಕೃತಿಸ್ವಾಮ್ಯದ ಚಿತ್ರಗಳನ್ನು ಕದ್ದು ಹಾಕಿದರೆ ತಾನೇ ಹಿಡಿದುಬಿಡುವ ವ್ಯವಸ್ಥೆ ಯೂಟ್ಯೂಬಿನಲ್ಲಿದೆ. ಅದರ ಕಣ್ಣು ತಪ್ಪಿಸಲು ಕೆಲವರು ದೃಶ್ಯವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿ, ಸುತ್ತ ಅಂಚು ಕತ್ತರಿಸಿ, ದನಿಯ ವೇಗವನ್ನೂ ಒಂದಿಷ್ಟು ಬದಲಿಸುತ್ತಾರೆ. ಅಕ್ಷರವಿಲ್ಲದ ದೃಶ್ಯವಾದರೆ ಅಂಗಿಯ ಜೇಬು ನೋಡಬೇಕು. ಎಲ್ಲರ ಜೇಬೂ ಬಲಕ್ಕಿದ್ದರೆ ಕೈಚಳಕ ನಡೆದಿದೆ ಎಂದೇ ಲೆಕ್ಕ.

ಮಗಳಿಗೆ ಗಡಿಯಾರದ ಗೊಡವೆಯೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ವಿಡಿಯೊದ ಕೆಳಗೆ ಮೊದಲ ಪ್ರತಿಕ್ರಿಯೆಯಲ್ಲೇ ಯಾರೋ “ಇನ್‌ಸ್ಪೆಕ್ಟರ್ ಪಾತ್ರ ಮರೆಯಲಾಗದು” ಎಂದು ಮೂರು ಕತ್ತಿಯ ಚಿಹ್ನೆಗಳ ಸಮೇತ ಬರೆದಿದ್ದರಂತೆ. ಮುಖವನ್ನು ಎಷ್ಟು ಮಸುಕು ಮಾಡಿ ಏನು ಬಂತು! “ಮೊದಲೇ ಹೇಳಬಾರದಿತ್ತೇ?” ಎಂದು ನಾನು ರೇಗಿದರೆ, “ತಾತ ಅಷ್ಟು ಖುಷಿಯಾಗಿದ್ದರಲ್ಲ ಅಪ್ಪ” ಎಂದಳು.

ಮಾವನವರು ಮಾತ್ರ ಅಳತೆ ತಪ್ಪಿತೆಂದು ಒಪ್ಪುವ ಪೈಕಿಯಲ್ಲ. ಮಲಗಲು ಎದ್ದವರು ಬಾಗಿಲ ಬಳಿ ನಿಂತು, “ಏನೇ ಆಗಲಿ, ಆ ಡಾಕ್ಟರ ಹತ್ತಿರ ನಾನಂತೂ ಇಂಜೆಕ್ಷನ್ ಹಾಕಿಸಿಕೊಳ್ಳುವುದಿಲ್ಲ” ಎಂದರು.