ಪಿನ್ ಕಾಮೆಂಟ್‌ನಲ್ಲಿ ತಪ್ಪು ತಿದ್ದುವ ಬಗೆ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಏಷ್ಯಾದಲ್ಲೇ ಮೊದಲನೆಯದು ಅನ್ನೋ ಮಾತು ನಾವೆಲ್ಲ ಕೇಳಿದ್ದೇ ಅಲ್ವಾ? ಆದರೆ ಅದು ಭಾರತದಲ್ಲೂ ಮೊದಲನೆಯದಲ್ಲ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ನೀರಿನಿಂದ ಕರೆಂಟ್ ತೆಗೆಯುತ್ತಿದ್ದರು. ನಮ್ಮದು ಶುರುವಾಗಿದ್ದು 1902ರಲ್ಲಿ.

ಒಂದು ಯೂಟ್ಯೂಬ್ ವಿಡಿಯೊದಲ್ಲಿ ಈ ತಪ್ಪು ಬಂತು, ನೋಡಿದವರೊಬ್ಬರು ಕಾಮೆಂಟ್‌ನಲ್ಲಿ ಹೇಳಿದರು ಎಂದಿಟ್ಟುಕೊಳ್ಳಿ. ಚಾನೆಲ್‌ನವರು ಏನು ಮಾಡಬೇಕು? ಹಳೆಯ ಲಿಂಕ್‌ನಲ್ಲೇ ಹೊಸ ವಿಡಿಯೊ ಹಾಕಲು ಆಗಲ್ಲ. ತಪ್ಪಿರುವ ತುಣುಕನ್ನು ಕತ್ತರಿಸಬಹುದು, ಆದರೆ ಅಲ್ಲಿ ಸರಿಯಾದ ಮಾತನ್ನು ಸೇರಿಸಲು ಬರಲ್ಲ. ಹಾಗಾಗಿ ಎಲ್ಲ ಕಾಮೆಂಟ್‌ಗಳ ಮೇಲೆ ನಿಲ್ಲುವ ಪಿನ್ ಕಾಮೆಂಟೇ ಒಳ್ಳೆಯ ದಾರಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ತಿದ್ದುಪಡಿ, 4:12: ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎಂದು ಹೇಳಿದ್ದೇವೆ. ಅದು ತಪ್ಪು. ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್ ಕೇಂದ್ರ 1897ರಲ್ಲೇ ಇತ್ತು. ಶಿವನಸಮುದ್ರದ್ದು 1902. ಕೋಲಾರದ ಚಿನ್ನದ ಗಣಿಗೆ ಇಲ್ಲಿಂದ ಕರೆಂಟ್ ಹೋಯಿತು ಎಂದು ಹೇಳಿದ ಭಾಗ ಸರಿಯಾಗಿಯೇ ಇದೆ. ಇಸವಿ ಸಮೇತ ತಿಳಿಸಿದ ವೀಕ್ಷಕರಿಗೆ ಧನ್ಯವಾದ. ಅವರ ಕಾಮೆಂಟ್ ಕೆಳಗಿದೆ, ಓದಿ."

ಅಷ್ಟೇ. 4:12 ಎಂದು ಬರೆದರೆ ಅದನ್ನು ಒತ್ತಿ ನೇರ ಆ ಜಾಗಕ್ಕೇ ಹೋಗಬಹುದು. ಯಾವುದು ತಪ್ಪು, ಯಾವುದು ಸರಿ ಎರಡೂ ಹೇಳಿದ್ದರಿಂದ ಇಡೀ ವಿಡಿಯೊ ಮೇಲೆ ಅನುಮಾನ ಬರಲ್ಲ. ಸುಮಾರು 150 ಕಿಲೋಮೀಟರ್ ದೂರದ ಗಣಿಗೆ ಆ ಕಾಲದಲ್ಲಿ ತಂತಿ ಎಳೆದದ್ದು ನಿಜಕ್ಕೂ ದೊಡ್ಡ ಕೆಲಸ. "ಮೊದಲನೆಯದು" ಅನ್ನೋದು ಬಿದ್ದುಹೋದರೂ ಅದಕ್ಕೇನೂ ಕುಂದಿಲ್ಲ.

ತಿದ್ದುವ ಆತುರದಲ್ಲಿ ಇನ್ನೊಂದು ತಪ್ಪು ಆಗುವುದುಂಟು. "ಏಷ್ಯಾದ ಮೊದಲನೆಯದು ಸಿದ್ರಾಪೊಂಗ್" ಎಂದು ಬರೆದುಬಿಡುತ್ತಾರೆ. ಜಪಾನಿನ ಕ್ಯೋಟೊದಲ್ಲಿ ಕೆಆಗೆ ಕೇಂದ್ರ 1891ರಲ್ಲೇ ಇತ್ತು! ವಿಡಿಯೊದ ಮಾತು ತಪ್ಪು ಎಂದು ತೋರಿಸಲು ಎಷ್ಟು ಬೇಕೋ ಅಷ್ಟೇ ಬರೆದರೆ ಸಾಕು. ಹೊಸ "ಮೊದಲನೆಯದು" ಯಾಕೆ ಬೇಕು?

ತಪ್ಪು ಹಿಡಿದವರ ಕಾಮೆಂಟನ್ನೇ ಪಿನ್ ಮಾಡುವುದು ನನಗೆ ಅಷ್ಟು ಇಷ್ಟವಿಲ್ಲ. ನೋಡಲು ದೊಡ್ಡತನ ಅನಿಸುತ್ತದೆ ನಿಜ. ಆದರೆ ನಾಡಿನ ಹೆಮ್ಮೆಯ ವಿಷಯ ಬಂದರೆ ನಮ್ಮ ಜನ ಸುಮ್ನೆ ಇರ್ತಾರಾ? "ನಿನಗೇನು ಗೊತ್ತು" ಎಂದು ಆ ಮನುಷ್ಯನ ಮೇಲೆ ಮುಗಿಬೀಳುತ್ತಾರೆ. ಚಾನೆಲ್‌ನವರೇ ಬರೆದರೆ ಆ ಬೈಗುಳ ಅವರ ಪಾಲಿಗೇ ಬರುತ್ತದೆ. ಬರಲಿ ಬಿಡಿ.

ಪಿನ್ ಮಾಡಿ, ತಲೆಬರಹ ಮತ್ತು ಥಂಬ್‌ನೇಲ್‌ನಲ್ಲಿ "ಏಷ್ಯಾದ ಮೊದಲ" ಎಂದು ಹಾಗೇ ಉಳಿಸಿಕೊಂಡವರನ್ನು ಮಾತ್ರ ನಾನು ನಂಬಲ್ಲ. ಅವೆರಡನ್ನೂ ಯಾವಾಗ ಬೇಕಾದರೂ ಬದಲಿಸಬಹುದು. ಅದೇ ವಿಡಿಯೊದಿಂದ ಶಾರ್ಟ್ಸ್ ಮಾಡಿದ್ದರೆ ಅಲ್ಲೂ ಬೇರೆಯಾಗಿ ಪಿನ್ ಮಾಡಬೇಕು. ಒಂದು ವಿಡಿಯೊದ ಪಿನ್ ಇನ್ನೊಂದರ ಕೆಳಗೆ ತಾನಾಗಿ ಬರಲ್ಲ.