‘ಆವು’ ಅಂದದ್ದೇ ಒಪ್ಪಿಗೆಯಾ?

ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ, ಮಹಡಿ ಮೇಲೆ ನನ್ನ ಶೇರು ಬ್ರೋಕರ್ ಆಫೀಸು ಉಂಟು. ಎಂಟು ವರ್ಷದಿಂದ ಅಲ್ಲಿನ ಡೀಲರ್‌ಗೆ ಫೋನ್ ಮಾಡಿಯೇ ಶೇರು ಮಾರೋದು, ತಗೊಳ್ಳೋದು. ಮೊಬೈಲ್ ಆ್ಯಪ್ ಇದೆ, ಆದರೆ ಅಂಗಡಿಯಲ್ಲಿ ಗಿರಾಕಿ ಇರುವಾಗ ಆ ಸಣ್ಣ ಅಕ್ಷರ ನೋಡ್ತಾ ಕೂರೋದು ನನ್ನಿಂದ ಆಗುವುದಿಲ್ಲ.

ಹಿಂದಿನ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ 10:42ಕ್ಕೆ ಫೋನ್ ಮಾಡಿದೆ. ಒಂದು ಸಣ್ಣ ಕಂಪನಿಯ 200 ಶೇರು ಮಾರಬೇಕಿತ್ತು. ಆಗ ರೇಟು 631ರ ಆಸುಪಾಸು. ನಾನು ಹೇಳಿದ್ದು ಇಷ್ಟೇ: "ಸಿಕ್ಸ್ ಫಾರ್ಟಿ ಲಿಮಿಟ್ ಪಾಡ್ಲೆ." ಅಂದರೆ 640ಕ್ಕೆ ಅಥವಾ ಅದಕ್ಕಿಂತ ಜಾಸ್ತಿಗೆ ಬಂದರೆ ಮಾತ್ರ ಕೊಡಿ, ಇಲ್ಲದಿದ್ದರೆ ಬೇಡ.

ಸಂಜೆ ಡೀಲರ್ ಫೋನ್ ಮಾಡಿದರು. "ಸರ್, ಇನ್ನೂರೂ ಹೋಯ್ತು, ಓಕೆ ಅಲ್ವಾ?" ಅಂಗಡಿಯಲ್ಲಿ ಜನ ಇದ್ದರು. ನಾನು "ಆವು ಮಾರಾಯ್ರೆ" ಅಂದು ಫೋನ್ ಇಟ್ಟೆ. ತುಳುವಿನಲ್ಲಿ ‘ಆವು’ ಅಂದರೆ ಆಯ್ತು ಅಂತ. ಯಾವ ರೇಟಿಗೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. 640ಕ್ಕೇ ಹೋಗಿದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಚಹಾ ಕುಡೀತಾ ಮೇಲ್‌ನಲ್ಲಿ ಬಂದ ಕಾಂಟ್ರಾಕ್ಟ್ ನೋಟ್, ಅಂದರೆ ಹಿಂದಿನ ದಿನದ ವ್ಯವಹಾರದ ಬಿಲ್ಲು, ತೆರೆದೆ. ಸರಾಸರಿ ರೇಟು 622 ರೂಪಾಯಿ 4 ಪೈಸೆ!

ಕಾಂಟ್ರಾಕ್ಟ್ ನೋಟನ್ನು ನಾವು ಹೆಚ್ಚಿನವರು ಕೊನೆಯ ಮೊತ್ತ ಮಾತ್ರ ನೋಡಿ ಮುಚ್ಚಿಬಿಡ್ತೇವೆ. ಸಲ್ಪ ಮೇಲೆ ಹೋದರೆ ಪೂರ್ತಿ ಕಥೆ ಅಲ್ಲೇ ಇರ್ತದೆ. ನನ್ನದರಲ್ಲಿ ಆರ್ಡರ್ ನಂಬರ್ ಒಂದೇ, ಆದರೆ ಅದರ ಕೆಳಗೆ ಟ್ರೇಡ್ ನಂಬರ್ ನಾಲ್ಕು. 60 ಶೇರು 628ಕ್ಕೆ, 45 ಶೇರು 625.50ಕ್ಕೆ, 55 ಶೇರು 620ಕ್ಕೆ, 40 ಶೇರು 612ಕ್ಕೆ. ನಾಲ್ಕೂ 10:44:07ಕ್ಕೆ, ಒಂದೇ ಸೆಕೆಂಡಿನಲ್ಲಿ.

ರೇಟು ಹೀಗೆ ಒಂದೇ ಸೆಕೆಂಡಿನಲ್ಲಿ ಮೆಟ್ಟಿಲು ಇಳಿದ ಹಾಗೆ ಇಳಿದಿದ್ದರೆ ಅದು ಸಾಮಾನ್ಯವಾಗಿ ಮಾರ್ಕೆಟ್ ಆರ್ಡರ್. ಅಂದರೆ ಯಾರು ಎಷ್ಟಕ್ಕೆ ಕೇಳ್ತಿದ್ದಾರೋ ಅಷ್ಟಕ್ಕೆ ಕೊಟ್ಟುಬಿಡುವುದು. ಮೊದಲು 628ಕ್ಕೆ ಕೇಳಿದವನಿಗೆ 60, ಅವನದ್ದು ಮುಗಿದ ಮೇಲೆ 625.50ರವನಿಗೆ, ಹೀಗೆ 612ರವನ ತನಕ. ದೊಡ್ಡ ಕಂಪನಿಯ ಶೇರಾದರೆ ಒಂದೇ ರೇಟಿಗೆ ಸಾವಿರಾರು ಶೇರು ಕೇಳುವವರು ಇರ್ತಾರೆ, ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಇಂಥ ಸಣ್ಣ ಶೇರಿನಲ್ಲಿ ಕೊಳ್ಳುವವರೇ ಕಡಿಮೆ. 640ರ ಲಿಮಿಟ್ ಹಾಕಿದ್ದರೆ ಈ ನಾಲ್ಕರಲ್ಲಿ ಒಂದೂ ಆಗ್ತಿರಲಿಲ್ಲ.

ಬ್ರಾಂಚಿಗೆ ಹೋದೆ. ಕೂರಿಸಿದರು, ಕಾಫಿ ತರಿಸಿದರು. ಆಮೇಲೆ ಮ್ಯಾನೇಜರ್ ಒಂದು ಮಾತು ಹೇಳಿದರು: "ಸರ್, ಅವತ್ತು 640 ಬರಲೇ ಇಲ್ಲ. ಹೈ 636. ಹಾಗಾಗಿ ನಿಮಗೆ ನಷ್ಟ ಎಂತ ಆಯ್ತು?"

ಒಂದು ಕ್ಷಣ ನಾನೂ ಹೌದಲ್ವಾ ಅಂದುಕೊಂಡೆ. ಮೆಟ್ಟಿಲು ಇಳಿಯುವಾಗ ಉತ್ತರ ಹೊಳೆಯಿತು. 640 ಬರಲಿಲ್ಲ ಅಂದರೆ ನನ್ನ 200 ಶೇರು ನನ್ನ ಡಿಮ್ಯಾಟ್‌ನಲ್ಲೇ ಇರಬೇಕಿತ್ತು. ಅದು ಎಲ್ಲಿ?

ಅವತ್ತೇ, ಬುಧವಾರ 11 ಗಂಟೆಗೆ ಬ್ರಾಂಚಿಗೆ ಮೇಲ್ ಹಾಕಿದೆ. ಆಗ ರೇಟು 634. ಬ್ರಾಂಚಿನಿಂದ ಉತ್ತರ ಬರಲಿಲ್ಲ. ಶುಕ್ರವಾರ ನೇರ ಕಂಪ್ಲಯನ್ಸ್ ಆಫೀಸರ್‌ಗೆ ಬರೆದೆ. ಅವರ ಹೆಸರು, ಫೋನ್, ಮೇಲ್ ವಿಳಾಸ ಕಾಂಟ್ರಾಕ್ಟ್ ನೋಟ್‌ನಲ್ಲೇ ಇರ್ತದೆ. ಶೇರು ಪೇಟೆಯನ್ನು ನೋಡಿಕೊಳ್ಳುವ ಸೆಬಿಯ ನಿಯಮ ಪಾಲಿಸುವ ಜವಾಬ್ದಾರಿ ಅವರದ್ದು, ಬ್ರಾಂಚಿನ ವ್ಯಾಪಾರ ಅಲ್ಲ.

ಮೊದಲು ಬರೆದ ಕರಡಿನಲ್ಲಿ ಎಂಟು ವರ್ಷದ ನಂಬಿಕೆ, ಬೇಜಾರು ಎಲ್ಲ ಇತ್ತು. ಪೂರ್ತಿ ಅಳಿಸಿದೆ. ಕೇಳಿದ್ದು ಎರಡೇ ದಾಖಲೆ. ಒಂದು, 10:42ರ ಕರೆಯ ರೆಕಾರ್ಡಿಂಗ್. ಇನ್ನೊಂದು, ಆ ಆರ್ಡರ್ ನಂಬರಿನ ಲಾಗ್. ಅದನ್ನು ಲಿಮಿಟ್ ಅಂತ ಹಾಕಿದ್ದಾ, ಮಾರ್ಕೆಟ್ ಅಂತ ಹಾಕಿದ್ದಾ ಅನ್ನುವುದು ಲಾಗ್‌ನಲ್ಲಿ ಗೊತ್ತಾಗ್ತದೆ. 2018ರ ಮಾರ್ಚ್‌ನಲ್ಲಿ ಸೆಬಿ ಹೊರಡಿಸಿದ ಸುತ್ತೋಲೆ ಉಂಟು. ಗ್ರಾಹಕ ಆರ್ಡರ್ ಕೊಟ್ಟದ್ದಕ್ಕೆ ಸಾಕ್ಷಿ ಇಟ್ಟುಕೊಂಡೇ ಬ್ರೋಕರ್ ಟ್ರೇಡ್ ಮಾಡಬೇಕು. ಸಹಿ ಮಾಡಿದ ಕಾಗದ, ಫೋನ್ ರೆಕಾರ್ಡಿಂಗ್, ಮೇಲ್, ಮೆಸೇಜ್, ಯಾವುದಾದರೂ ಆಗ್ತದೆ. ತಕರಾರು ಬಂದರೆ ಅದನ್ನು ತೋರಿಸುವ ಹೊಣೆ ಬ್ರೋಕರ್‌ದ್ದು. ನಾನು ಸುಳ್ಳು ಹೇಳ್ತಿಲ್ಲ ಅಂತ ನಾನು ಸಾಬೀತು ಮಾಡಬೇಕಾಗಿಲ್ಲ.

ಮೇಲ್ ಬರೆಯುವಾಗ ಲೆಡ್ಜರ್ ಕೂಡ ಇಳಿಸಿಕೊಂಡೆ. ಒಳ್ಳೆಯದೇ ಆಯ್ತು. ಕಾಂಟ್ರಾಕ್ಟ್ ನೋಟ್‌ನಲ್ಲಿ ಇಲ್ಲದ ಎರಡು ಕಡಿತ ಅಲ್ಲಿತ್ತು: 59 ರೂಪಾಯಿ, 590 ರೂಪಾಯಿ. ಎರಡರ ಮುಂದೆಯೂ `OTH CHG` ಅಂತ ಮಾತ್ರ. ಇಂಥದ್ದು ಕಂಡರೆ 1.18ರಿಂದ ಭಾಗಿಸಿ ನೋಡಿ. 59 ಭಾಗಿಸಿದರೆ 50, 590 ಭಾಗಿಸಿದರೆ 500. ಪೈಸೆ ಉಳಿಯದೆ ರೌಂಡ್ ಅಂಕೆ ಬಂತು ಅಂದರೆ ಅದು ಹೆಚ್ಚಾಗಿ ಬ್ರೋಕರೇ ಹಾಕಿದ ಶುಲ್ಕ ಮತ್ತು ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಸರ್ಕಾರಕ್ಕೆ ಹೋಗುವ ಎಸ್‌ಟಿಟಿ, ಸ್ಟ್ಯಾಂಪ್ ಡ್ಯೂಟಿ ಮೇಲೆ ಜಿಎಸ್‌ಟಿ ಇಲ್ಲ. ಹಾಗಾಗಿ ಈ 50 ಯಾವುದಕ್ಕೆ, 500 ಯಾವುದಕ್ಕೆ, ನಾನು ಎಲ್ಲಿ ಒಪ್ಪಿದ್ದೇನೆ ತೋರಿಸಿ ಅಂತ ಕೇಳಿದೆ.

ಒಂಬತ್ತನೇ ದಿನ ಮುಂಬೈಯಿಂದ ಉತ್ತರ ಬಂತು. ‘ಸಂಜೆ 4:30ರ ಕರೆಯಲ್ಲಿ ಗ್ರಾಹಕರು ವ್ಯವಹಾರವನ್ನು ಒಪ್ಪಿದ್ದಾರೆ’ ಅಂತ. ನೋಡಿ, ನನ್ನ ‘ಆವು ಮಾರಾಯ್ರೆ’ ಇಂಗ್ಲಿಷಿಗೆ ತರ್ಜುಮೆಯಾಗಿ ‘ಕನ್ಫರ್ಮ್ಡ್’ ಆಗಿತ್ತು! ನಮ್ಮ ಊರಲ್ಲಿ ಮಳೆ ಬಂದರೂ ಆವು, ಬಸ್ಸು ತಪ್ಪಿದರೂ ಆವು ಅಂತೇವೆ. ಆದರೆ ತಪ್ಪು ನನ್ನದೂ ಉಂಟು. ರೇಟು ಕೇಳದೆ ಆ ಮಾತು ಆಡಬಾರದಿತ್ತು.

ನಾನು ವಾಪಸ್ ಎರಡೇ ಸಾಲು ಬರೆದೆ. ಸಂಜೆಯದ್ದು ಟ್ರೇಡ್ ಆದ ಮೇಲಿನ ಕರೆ, ಅದರಲ್ಲಿ ರೇಟಿನ ಮಾತೇ ಇಲ್ಲ. ಸುತ್ತೋಲೆ ಕೇಳುವುದು ಟ್ರೇಡಿಗೆ ಮೊದಲಿನ ಸಾಕ್ಷಿ, 10:42ರದ್ದು ಕಳಿಸಿ. 21 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಹಾಕ್ತೇನೆ ಅಂತಲೂ ಸೇರಿಸಿದೆ.

ಹದಿನೆಂಟನೇ ದಿನ ಫೋನ್ ಬಂತು. ರೆಕಾರ್ಡಿಂಗ್ ಕೇಳಿದ್ದೇವೆ, ‘ಸಿಕ್ಸ್ ಫಾರ್ಟಿ ಲಿಮಿಟ್’ ಸ್ಪಷ್ಟ ಇದೆ ಅಂದರು. ಎಷ್ಟು ಬೇಕು ಅಂತ ಕೇಳಿದರು. 640ರ ಲೆಕ್ಕದಲ್ಲಿ ಕೇಳುವ ಆಸೆ ಇತ್ತು, ಆದರೆ ಅದು ನ್ಯಾಯ ಅಲ್ಲ, ಅವತ್ತು ಆ ರೇಟು ಬಂದೇ ಇಲ್ಲ. ತಪ್ಪು ಗೊತ್ತಾಗಿ ಬರೆದ ಹೊತ್ತಿಗೆ ಅದೇ ಶೇರು ವಾಪಸ್ ಕೊಳ್ಳಲು 634ರಂತೆ 1,26,800 ಬೇಕಿತ್ತು. ನನಗೆ ಮಾರಿ ಸಿಕ್ಕಿದ್ದು 1,24,407.50. ವ್ಯತ್ಯಾಸ 2,392.50. ಅದನ್ನು ಕೇಳಿದೆ, ಜೊತೆಗೆ ಆ ಮಾರಾಟದ ಖರ್ಚು.

ವ್ಯತ್ಯಾಸ ಕೊಟ್ಟರು. ಬ್ರೋಕರೇಜ್, ಅದರ ಜಿಎಸ್‌ಟಿ ಸೇರಿ 734 ರೂಪಾಯಿ ವಾಪಸ್ ಬಂತು. ಎಸ್‌ಟಿಟಿ 124 ರೂಪಾಯಿ ಸರ್ಕಾರಕ್ಕೆ ಹೋಗಿದೆ, ಬರುವುದಿಲ್ಲ ಅಂದರು. ಬಿಟ್ಟೆ. 590 ಯಾವುದೋ ‘ಪ್ರೀಮಿಯಂ ಸರ್ವಿಸ್’ ಅಂತೆ. ನಾನು ಒಪ್ಪಿದ ದಾಖಲೆ ಸಿಗಲಿಲ್ಲ, ಅದೂ ವಾಪಸ್.

59 ಮಾತ್ರ ಬರಲಿಲ್ಲ. ಅದು ಫೋನ್‌ನಲ್ಲಿ ಆರ್ಡರ್ ಹಾಕಿಸಿದ್ದಕ್ಕೆ ಶುಲ್ಕವಂತೆ. ಖಾತೆ ತೆರೆಯುವಾಗಿನ ದರಪಟ್ಟಿ ಸ್ಕ್ಯಾನ್ ಮಾಡಿ ಕಳಿಸಿದರು. ಏಳನೇ ಸಾಲಿನಲ್ಲಿ ಇತ್ತು, ಕೆಳಗೆ ನನ್ನದೇ ಸಹಿ. ಮೊನ್ನೆ ಡೀಲರ್ ಫೋನ್ ಮಾಡಿ "ಎಂತ ಸರ್, ಆರ್ಡರ್ ಏನೂ ಇಲ್ಲ?" ಅಂದರು. ಕನ್ನಡಕ ಹಾಕಿಕೊಂಡು ಆ್ಯಪ್ ಕಲೀತಿದ್ದೇನೆ ಅಂದೆ.