‘ನೀರು ಹಾಕಿದರೂ’ ಎಂಬ ಒಂದು ಮಾತು

ಕುಂಡದ ಗಿಡಗಳ ಬಗ್ಗೆ ವಿಡಿಯೊ ಮಾಡುವ ನನ್ನನ್ನು, ಹೊಸದಾಗಿ ಚಾನೆಲ್ ಶುರು ಮಾಡಿದವರು ಮುಂದಿನ ವಿಷಯ ಎಲ್ಲಿಂದ ತರುತ್ತೀರಿ ಎಂದು ಕೇಳುತ್ತಿರುತ್ತಾರೆ. ಕಮೆಂಟುಗಳಿಂದ ಎಂದರೆ, ‘ನಾವೂ ಓದುತ್ತೇವೆ, ಸೂಪರ್ ಎನ್ನುವುದನ್ನು ಬಿಟ್ಟರೆ ಏನೂ ಇರುವುದಿಲ್ಲ’ ಎನ್ನುತ್ತಾರೆ. ಅವರು ಓದುವುದು ಉತ್ತರ ಕೊಡುವುದಕ್ಕೆ. ಆ ಆತುರದಲ್ಲಿ ಕಣ್ಣಿಗೆ ಬೀಳುವುದು ಪ್ರಶ್ನೆ ಮಾತ್ರ. ಕೇಳಿದವರು ಆರಿಸಿಕೊಂಡ ಪದಗಳು ಜಾರಿಹೋಗುತ್ತವೆ.

ನಾನೂ ಹಾಗೆಯೇ ಕಳೆದುಕೊಂಡಿದ್ದೆ. ‘ಅತಿಯಾದ ನೀರಿನಿಂದ ಬೇರು ಕೊಳೆತ: ಕಾರಣ ಮತ್ತು ಪರಿಹಾರ’ ಎಂಬ ಹೆಸರಿನಲ್ಲಿ ಒಂದು ವಿಡಿಯೊ ಮಾಡಿದೆ. ವಿಷಯವೆಲ್ಲ ಸರಿಯಾಗಿಯೇ ಇತ್ತು, ನೋಡುವವರು ಮಾತ್ರ ಬರಲಿಲ್ಲ. ಆಮೇಲೆ ಹಳೆಯ ವಿಡಿಯೊಗಳ ಸುಮಾರು 300 ಕಮೆಂಟುಗಳನ್ನು ಕುಳಿತು ಓದಿದೆ. ‘ಬೇರು ಕೊಳೆತ’ ಎಂದು ಬರೆದವರು ಒಬ್ಬರೂ ಇರಲಿಲ್ಲ. ‘ದಿನಾ ನೀರು ಹಾಕಿದರೂ ಎಲೆ ಹಳದಿಯಾಗುತ್ತಿದೆ’ ಎಂಬರ್ಥದ ಸಾಲು ಹನ್ನೊಂದು ಬೇರೆ ಬೇರೆ ಜನರಿಂದ ಬಂದಿತ್ತು.

ಆ ‘ಹಾಕಿದರೂ’ ಎಂಬುದರ ಕೊನೆಯ ‘ಊ’ ನೋಡಿ. ನೀರು ಕಡಿಮೆಯಾದರೆ ಎಲೆ ಹಳದಿಯಾಗುತ್ತದೆ, ತಾನು ಕಡಿಮೆ ಮಾಡಿಲ್ಲ ಎಂಬ ನಂಬಿಕೆ ಅದರೊಳಗಿದೆ. ನಿಜವಾಗಿ ಆಗುತ್ತಿರುವುದು ಅದರ ತಿರುಗುಮುರುಗು. ಮಣ್ಣು ಸದಾ ನೆನೆದಿದ್ದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಬೇರು ಕೊಳೆಯುತ್ತದೆ, ಎಲೆ ಬಣ್ಣಗೆಡುತ್ತದೆ. ಕಾರಣ ಗೊತ್ತಿಲ್ಲದವರು ಕಾರಣದ ಹೆಸರಿನಿಂದ ಹುಡುಕುವುದಾದರೂ ಹೇಗೆ? ಅವರ ಕಣ್ಣಿಗೆ ಕಾಣುವುದು ಹಳದಿ ಎಲೆ. ಅದೇ ವಿಡಿಯೊವನ್ನು ‘ದಿನಾ ನೀರು ಹಾಕಿದರೂ ಎಲೆ ಹಳದಿಯೇ?’ ಎಂಬ ಹೆಸರಿನಲ್ಲಿ, ಆ ಸಾಲನ್ನೇ ಮೊದಲ ವಾಕ್ಯವಾಗಿಟ್ಟು ಮತ್ತೆ ಮಾಡಿದೆ. ಬೇರು ಕೊಳೆಯುವ ಮಾತು ಬಂದದ್ದು ನಂತರ.

ಕೆಲಸ ದೊಡ್ಡದಲ್ಲ. ಯೂಟ್ಯೂಬ್ ಸ್ಟುಡಿಯೋದಲ್ಲಿ ಪ್ರಶ್ನೆಗಳಿರುವ ಕಮೆಂಟುಗಳನ್ನು ಮಾತ್ರ ತೋರಿಸುವ ಫಿಲ್ಟರ್ ಇದೆ. ಅದು ಆರಂಭಕ್ಕೆ ಸಾಕು, ಆದರೆ ಅದನ್ನೇ ನಂಬಿ ಕೂರಬಾರದು, ಏಕೆಂದರೆ ಜನ ಕಷ್ಟವನ್ನು ಪ್ರಶ್ನೆಯಾಗಿ ಬರೆಯುವುದಿಲ್ಲ, ಹೇಳಿಕೊಳ್ಳುತ್ತಾರೆ. ನಾನು ‘ಆದರೂ’, ‘ಆದರೆ’, ‘ನನಗೂ’ ಎಂಬ ಪದಗಳನ್ನು ಹುಡುಕುತ್ತೇನೆ. ನಮ್ಮವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯುವುದರಿಂದ `haladi`, `haldi`, `yele` ಎಂದೆಲ್ಲ ಹುಡುಕಬೇಕಾಗುತ್ತದೆ. ಸಿಕ್ಕ ಸಾಲನ್ನು ಹಾಳೆಯೊಂದಕ್ಕೆ ಇದ್ದ ಹಾಗೆಯೇ ಇಳಿಸಿಕೊಳ್ಳುತ್ತೇನೆ. ಕಾಗುಣಿತ ತಿದ್ದುವುದಿಲ್ಲ, ಬರೆದವರ ಹೆಸರನ್ನು ಇಡುವುದಿಲ್ಲ. ಪಕ್ಕದಲ್ಲಿ ಯಾವ ವಿಡಿಯೊ ಎಂಬುದಷ್ಟೇ ಇರುತ್ತದೆ.

ಎಣಿಸುವಾಗ ಮೋಸ ಹೋಗುವುದು ಸುಲಭ. ಒಬ್ಬರೇ ನಾಲ್ಕು ಸಲ ಕೇಳಿದ್ದರೆ ಅದು ಒಂದೇ. ಲೈಕುಗಳನ್ನೂ ನಂಬುವುದಿಲ್ಲ, ಮೊದಲ ಗಂಟೆಯಲ್ಲೇ ಬರೆದವರ ಕಮೆಂಟು ಹೆಚ್ಚು ಜನರ ಕಣ್ಣಿಗೆ ಬಿದ್ದಿರುತ್ತದೆ. ಬೇರೆ ಬೇರೆ ಜನ, ಬೇರೆ ಬೇರೆ ವಿಡಿಯೊಗಳ ಕೆಳಗೆ ಅದೇ ಕಷ್ಟ ಹೇಳಿದ್ದರೆ ಮಾತ್ರ ನಾನು ಅದನ್ನು ವಿಷಯ ಎನ್ನುತ್ತೇನೆ. ‘ಗುಲಾಬಿ ಬಗ್ಗೆ ವಿಡಿಯೊ ಮಾಡಿ’ ಎಂಬ ಬೇಡಿಕೆಯ ತೂಕ ನನ್ನ ಲೆಕ್ಕದಲ್ಲಿ ಕಡಿಮೆ. ‘ಮೊಗ್ಗು ಬರುತ್ತದೆ, ಅರಳುವ ಮೊದಲೇ ಉದುರುತ್ತದೆ’ ಎಂದವರು ಅರ್ಧ ಸ್ಕ್ರಿಪ್ಟನ್ನು ಬರೆದೇ ಕೊಟ್ಟಿರುತ್ತಾರೆ.

ಹತ್ತು ವಿಷಯಗಳು ಹತ್ತು ಕಡೆಯಿಂದ ಬರಬೇಕಿಲ್ಲ ಎಂಬುದೂ ಅಂದೇ ತಿಳಿಯಿತು. ಹಳದಿ ಎಲೆಯ ಆ ಹನ್ನೊಂದು ಸಾಲುಗಳ ಸುತ್ತಮುತ್ತ ಇನ್ನೂ ಹಲವು ಇದ್ದವು. ‘ಕೆಳಗಿನ ಎಲೆಗಳು ಮಾತ್ರ’ ಎಂದವರದ್ದು ಸಾರಜನಕದ ಕೊರತೆ ಇರಬಹುದು, ಏಕೆಂದರೆ ಗಿಡ ಹಳೆಯ ಎಲೆಯಿಂದ ಅದನ್ನು ಹೊಸ ಚಿಗುರಿಗೆ ಸಾಗಿಸುತ್ತದೆ. ‘ನರ ಹಸಿರು, ನಡುವೆ ಹಳದಿ, ಅದೂ ಹೊಸ ಎಲೆಯಲ್ಲಿ’ ಎಂದವರದ್ದು ಕಬ್ಬಿಣದ ಕೊರತೆಯ ಗುರುತು. ‘ಕುಂಡ ಬದಲಿಸಿದ ಮೇಲೆ’, ‘ಒಳಗೆ ತಂದಿಟ್ಟ ಮೇಲೆ’, ‘ಗೊಬ್ಬರ ಹಾಕಿದ ಮೇಲೆ’ ಹೀಗೆ ಒಂದೇ ದೂರು ಒಂದೊಂದು ‘ಮೇಲೆ’ಗೂ ಬೇರೆ ಸ್ಕ್ರಿಪ್ಟಾಯಿತು. ಹತ್ತು ತುಂಬಿದಾಗ ನನ್ನ ತಲೆಯಿಂದ ಬಂದದ್ದು ಒಂದೂ ಇರಲಿಲ್ಲ.

ಇದಕ್ಕೊಂದು ಮಿತಿ ಇದೆ. ಬೇಸರವಾಗಿ ಅರ್ಧಕ್ಕೇ ಎದ್ದುಹೋದವರು ಕಮೆಂಟು ಬರೆಯುವುದಿಲ್ಲ. ಅವರು ಎಲ್ಲಿ ಬಿಟ್ಟರು ಎಂಬುದನ್ನು ವೀಕ್ಷಕರು ಉಳಿದ ಪ್ರಮಾಣ ತೋರಿಸುವ ಗ್ರಾಫಿನಲ್ಲೇ ನೋಡಬೇಕು.

ಮರುವಿಡಿಯೊದಲ್ಲಿ, ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಿ ಎಂದಿದ್ದೆ. ಅದರ ಕೆಳಗೆ ಈಗ ‘ನೀರು ಹಾಕಿದರೂ’ ಕಾಣುತ್ತಿಲ್ಲ. ‘ಮಣ್ಣು ಕಲ್ಲಿನಂತಾಗಿದೆ, ಬೆರಳೇ ಇಳಿಯುತ್ತಿಲ್ಲ’ ಎಂದು ಮೂವರು ಬರೆದಿದ್ದಾರೆ. ಅದನ್ನು ಹಾಳೆಗೆ ಇಳಿಸಿಕೊಂಡಿದ್ದೇನೆ.